ಇಪ್ಪತ್ತು ಗುಂಟೆ ನೇಪಿಯರ್ ಮತ್ತು ಏಪ್ರಿಲ್ ತಿಂಗಳ ನೀರು: ಜತ್ತ ತಾಲೂಕಿನ ಒಂದು ಮೇವಿನ ಯೋಜನೆ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗದಲ್ಲಿ, ನಮ್ಮ ವಿಜಯಪುರ ಜಿಲ್ಲೆಯ ಗಡಿಗೆ ಹತ್ತಿಕೊಂಡಂತೆ ಇರುವ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಅಂಥ ಒಂದು ಹಳ್ಳಿಗೆ ನನ್ನ ಅಕ್ಕನನ್ನು ಕೊಟ್ಟಿದ್ದೇವೆ. ಅವರಿಗೆ ಮೂರೂವರೆ ಎಕರೆ ಜಮೀನು, ಒಂದು ಕೊಳವೆ ಬಾವಿ, ಕೊಟ್ಟಿಗೆಯಲ್ಲಿ ಮೂರು ಮಿಶ್ರತಳಿ ಆಕಳು, ಒಂದು ಮುರ್ರಾ ಎಮ್ಮೆ, ಒಂದು ಜೋಡಿ ಖಿಲಾರಿ ಎತ್ತು ಮತ್ತು ಎರಡು ಬೆಳೆಯುವ ಕರುಗಳಿವೆ. ಮೇವಿನ ಬೆಳೆಗಳ ವಿಸ್ತರಣಾ ಕೆಲಸದಲ್ಲಿ ಬಹಳ ವರ್ಷ ಕಳೆದವನಾದ ನಾನು 2022ರ ಜನವರಿಯಿಂದ ಈ ಮನೆಯ ಮೇವಿನ ಲೆಕ್ಕವನ್ನು ಅವರೊಂದಿಗೆ ಕೂತು ಬರೆಯುತ್ತ ಬಂದಿದ್ದೇನೆ. ಇಲ್ಲಿ ಬರುವ ಇಳುವರಿಯ ಅಂಕಿಗಳು ಆ ಹೊಲದಲ್ಲೇ ತಕ್ಕಡಿಗೆ ಹಾಕಿ ತೂಗಿ ಬರೆದವು. ಬೇರೆ ಮಣ್ಣಿನಲ್ಲಿ, ಬೇರೆ ನೀರಿನಲ್ಲಿ ಅವು ಬದಲಾಗುತ್ತವೆ, ಆದರೆ ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಮೊದಲ ವರ್ಷ ತಪ್ಪಿದ್ದು ಎಲ್ಲಿ

ಮಾವ, ಅಂದರೆ ಅಕ್ಕನ ಯಜಮಾನರು, 2021ರ ಜುಲೈಯಲ್ಲಿ ಹತ್ತು ಗುಂಟೆಗೆ ಸಿಓ-4 ಹೈಬ್ರಿಡ್ ನೇಪಿಯರ್ ಎಂಬ ಮೇವಿನ ಹುಲ್ಲಿನ ಕಡ್ಡಿ ನೆಟ್ಟರು. ಹತ್ತೇ ಗುಂಟೆ ಏಕೆ ಎಂಬುದಕ್ಕೆ ಅವರ ಬಳಿ ಸರಿಯಾದ ಉತ್ತರವಿತ್ತು. ದಿನಕ್ಕೆ ಹಾಲು ಕೊಡುವ ನಾಲ್ಕು ಜಾನುವಾರಿಗೆ ತಲಾ 20 ಕಿಲೋ, ಎತ್ತುಗಳಿಗೆ ತಲಾ 10 ಕಿಲೋ, ಕರುಗಳಿಗೆ ತಲಾ 5 ಕಿಲೋ ಎಂದು ಹಿಡಿದರೆ 110 ಕಿಲೋ ಹುಲ್ಲು ಬೇಕು, ವರ್ಷಕ್ಕೆ ಸುಮಾರು 40 ಟನ್. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಈ ತಳಿ ಹೆಕ್ಟೇರಿಗೆ ವರ್ಷಕ್ಕೆ 400 ಟನ್ನಿನ ತನಕ ಕೊಡುತ್ತದೆ ಎಂದು ಕೈಪಿಡಿಯಲ್ಲಿತ್ತು. ಹೆಕ್ಟೇರೆಂದರೆ ಹೆಚ್ಚುಕಡಿಮೆ ನೂರು ಗುಂಟೆ, ಗುಂಟೆಗೆ 4 ಟನ್, ಹತ್ತು ಗುಂಟೆಗೆ 40 ಟನ್. ಗುಣಾಕಾರದಲ್ಲಿ ಎಲ್ಲೂ ತಪ್ಪಿರಲಿಲ್ಲ.

ತಪ್ಪು ಎರಡು ಕಡೆ ಇತ್ತು. ಕೈಪಿಡಿಯ ಆ ಅಂಕಿ ನೀರು ಮತ್ತು ಗೊಬ್ಬರಕ್ಕೆ ಕೊರತೆಯೇ ಇಲ್ಲದ ತಾಕಿನದು. ರೈತರ ಹೊಲದಲ್ಲಿ ಅದರ ಅರ್ಧ ಬಂದರೂ ಒಳ್ಳೆಯ ಬೆಳೆ ಎಂದೇ ಹೇಳಬೇಕು. ಎರಡನೆಯ ತಪ್ಪು ಇನ್ನೂ ಆಳದ್ದು. ದನ ವರ್ಷದ ಸರಾಸರಿಯನ್ನು ತಿನ್ನುವುದಿಲ್ಲ, ಇವತ್ತಿನ ಮೇವನ್ನು ತಿನ್ನುತ್ತದೆ. ಸಜ್ಜೆ ಮತ್ತು ಆನೆಹುಲ್ಲಿನ ಕೂಡುವಿಕೆಯಿಂದ ಬಂದ ಈ ಹುಲ್ಲು ಬಿಸಿಲನ್ನೂ ನೀರನ್ನೂ ಬಯಸುವ ಗಿಡವಾದ್ದರಿಂದ, ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವ ಡಿಸೆಂಬರ್, ಜನವರಿಯಲ್ಲಿ ನೀರು ಕೊಟ್ಟರೂ ಮೈಬಿಚ್ಚುವುದಿಲ್ಲ, ಬಿಸಿಲು ಬಂದಾಗ ಮೈಬಿಚ್ಚಲು ಸಿದ್ಧವಿದ್ದರೂ ಇಲ್ಲಿ ಬಾವಿಯಲ್ಲಿ ನೀರಿರುವುದಿಲ್ಲ.

ನಾನು ಹೋದಾಗ ಜನವರಿಯ ಎರಡನೆಯ ವಾರ. ಅಕ್ಟೋಬರಿನಲ್ಲಿ ಹೊಲದ ತುದಿಯ ಹುಲ್ಲು ಎಂಟು ಅಡಿ ದಾಟಿ, ಕಾಂಡ ಕಬ್ಬಿನಂತೆ ಗಟ್ಟಿಯಾಗಿ, ಆಕಳುಗಳು ಎಲೆ ತಿಂದು ಕಡ್ಡಿಯನ್ನು ಗೋದಲಿಯಲ್ಲೇ ಬಿಟ್ಟಿದ್ದವು. ಅದೇ ಹೊಲದಲ್ಲಿ ಮೂರು ತಿಂಗಳ ಮೇಲೆ ಮೊಣಕಾಲೆತ್ತರದ, ಇಪ್ಪತ್ತೈದು ದಿನದ ಎಳೆ ಹುಲ್ಲನ್ನು ನೆಲಕ್ಕೆ ತಾಗುವಂತೆ ಕೊಯ್ಯುತ್ತಿದ್ದರು. "ಇರೋದ ಇಷ್ಟ, ಹಸದ ದನಕ್ಕ ಏನ್ ಹಾಕೂನು?" ಎಂದು ಅಕ್ಕ ಕೇಳಿದಳು. ಆದರೆ ಹೀಗೆ ಕೊಯ್ಯುವುದರಿಂದ ಎರಡು ಹಾನಿ. ನೇಪಿಯರಿನ ಎಳೆ ಎಲೆಯಲ್ಲಿ ಆಕ್ಸಲೇಟ್ ಹೆಚ್ಚಿರುತ್ತದೆ, ಅದು ಮೇವಿನ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಹಿಡಿದಿಟ್ಟುಕೊಂಡು ದನದ ಮೈಗೆ ಸಿಗದಂತೆ ಮಾಡುತ್ತದೆ. ಹಾಲು ಕರೆಯುವ ಆಕಳಿಗೆ ಬೇರೇನೂ ಇಲ್ಲದೆ ಇದನ್ನೇ ಹೊಟ್ಟೆತುಂಬ ಹಾಕಬಾರದು. ಇನ್ನೊಂದು ಹಾನಿ ಬುಡಕ್ಕೆ. ಕೊಯ್ದ ಮೇಲೆ ಗಿಡ ಹೊಸ ತೆಂಡೆ ಹೊರಡಿಸುವುದು ಬುಡದಲ್ಲಿ ಕೂಡಿಟ್ಟ ಶಕ್ತಿಯಿಂದ. ಅದು ಕೂಡುವ ಮೊದಲೇ ಮತ್ತೆ ಮತ್ತೆ ಕೊಯ್ದರೆ ತೆಂಡೆಗಳು ಸಣ್ಣಗಾಗಿ, ಬುಡದ ನಡುಭಾಗ ಒಣಗಿ ಟೊಳ್ಳಾಗುತ್ತದೆ. ಮಾವನ ಹೊಲದಲ್ಲಿ ಹತ್ತಕ್ಕೆ ಎರಡು ಬುಡ ಆಗಲೇ ಹಾಗಾಗಿದ್ದವು.

ಹಸಿಮೇವಿನ ಸಾರ ಹೆಚ್ಚಿಸಲೆಂದು ಅವರು ಸೆಪ್ಟೆಂಬರ್ ಕೊನೆಗೆ ನಾಲ್ಕು ಗುಂಟೆ ಕುದುರೆ ಮೆಂತೆಯನ್ನೂ ಬಿತ್ತಿದ್ದರು. ಅಲ್ಲಿಯವರು ಮರಾಠಿಯಂತೆ ಅದನ್ನು ಲಸೂಣ ಘಾಸ ಎನ್ನುತ್ತಾರೆ. ಬಾವಿಗೆ ಹತ್ತಿರವೆಂದು ಆರಿಸಿದ ಆ ಜಾಗ ಹೊಲದ ತಗ್ಗಿನ ಮೂಲೆ, ದಪ್ಪ ಎರೆಮಣ್ಣು. ಸಹ್ಯಾದ್ರಿಯ ಮಳೆನೆರಳಿನ ಈ ಭಾಗದಲ್ಲಿ ಮಳೆ ಕಡಿಮೆ, ಬರುವುದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಬರುತ್ತದೆ. ಅಕ್ಟೋಬರಿನ ಒಂದು ಮಳೆಗೆ ಮಡಿಯಲ್ಲಿ ಮೂರು ದಿನ ನೀರು ನಿಂತಿತು, ಎರಡು ಇಂಚಿನ ಸಸಿಗಳೆಲ್ಲ ಹಳದಿಯಾಗಿ ಕೊಳೆತುಹೋದವು. ಬೀಜದಲ್ಲಿ ದೋಷವಿದೆ ಎಂದು ಮಾವ ತಿಳಿದಿದ್ದರು. ಸತ್ತ ಸಸಿಯೊಂದನ್ನು ಕಿತ್ತು ನೋಡಿದರೆ ಬೇರು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ದೋಷ ಜಾಗದ್ದೇ ಎಂಬುದಕ್ಕೆ ಅದೇ ಸಾಕ್ಷಿ.

ತೂಗಿ ನೋಡಿದ ಬೆಳವಣಿಗೆ

ಹೊಸ ಯೋಜನೆಗೆ ಮೊದಲು ನಾನು ಕೇಳಿದ್ದು ಒಂದೇ. ಪ್ರತಿ ಸಲ ಕೊಯ್ದಾಗ ಒಂದು ಗುಂಟೆಯ ಹುಲ್ಲನ್ನು ತೂಗಿ, ಹಿಂದಿನ ಕೊಯ್ಲಿನಿಂದ ಎಷ್ಟು ದಿನವಾಯಿತು ಎಂಬುದನ್ನು ಪಕ್ಕದಲ್ಲಿ ಬರೆಯಬೇಕು. ತೂಕವನ್ನು ದಿನಗಳಿಂದ ಭಾಗಿಸಿದರೆ ಗುಂಟೆಯೊಂದು ದಿನಕ್ಕೆ ಎಷ್ಟು ಕಿಲೋ ಮೇವು ಬೆಳೆಯುತ್ತಿದೆ ಎಂಬುದು ತಿಳಿಯುತ್ತದೆ. ಅಕ್ಕನ ಮಗಳು ಅದನ್ನು ತಪ್ಪದೆ ಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಒಂದು ವರ್ಷ ಕಳೆಯುವಷ್ಟರಲ್ಲಿ ಚಿತ್ರ ಸ್ಪಷ್ಟವಾಯಿತು. ಜೂನ್‌ನಿಂದ ಅಕ್ಟೋಬರ್ ತನಕ ಗುಂಟೆಗೆ ದಿನಕ್ಕೆ 7 ಕಿಲೋ, ನವೆಂಬರ್‌ನಿಂದ ಫೆಬ್ರುವರಿ ತನಕ 3 ಕಿಲೋ, ಮಾರ್ಚ್‌ನಿಂದ ಮೇ ತನಕ ಪೂರ್ತಿ ನೀರು ಸಿಕ್ಕ ಗುಂಟೆಗೆ 6 ಕಿಲೋ. ವರ್ಷಕ್ಕೆ ಇದು ಗುಂಟೆಗೆ 2 ಟನ್ ಆಗುತ್ತದೆ, ಕೈಪಿಡಿಯ ಅಂಕಿಯ ಸರಿಯಾಗಿ ಅರ್ಧ.

ವರ್ಷದ ಈ ತೂಕ ಪೂರ್ತಿಯಾಗುವ ಮೊದಲೇ, ಕೈಪಿಡಿಯ ಅರ್ಧ ಇಳುವರಿಯನ್ನೇ ಹಿಡಿದು 40 ಟನ್ನಿಗೆ ಇಪ್ಪತ್ತು ಗುಂಟೆ ಬೇಕು ಎಂದು ನಿರ್ಧರಿಸಿ, 2022ರ ಜೂನ್‌ನಲ್ಲಿ ಇನ್ನೂ ಹತ್ತು ಗುಂಟೆ ನೆಟ್ಟೆವು. ಕಡ್ಡಿ ಕೊಳ್ಳುವ ಅಗತ್ಯವಿರಲಿಲ್ಲ. ಈ ಹುಲ್ಲು ಬೀಜ ಕಟ್ಟುವುದಿಲ್ಲವಾದ್ದರಿಂದ ಮೂರು ತಿಂಗಳು ಬಲಿತ ಕಾಂಡದ ಎರಡು ಗೆಣ್ಣಿನ ತುಂಡುಗಳೇ ಬಿತ್ತನೆ. ಗುಂಟೆಗೆ ಕಾಲು ಟನ್ ಕೊಟ್ಟಿಗೆ ಗೊಬ್ಬರ ಬೆರೆಸಿ, ಎರಡಡಿ ಅಂತರದ ಬೋದುಗಳ ಬದಿಗೆ, ಒಂದು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಿದೆವು. ಮೊದಲ ಕೊಯ್ಲು ಎಪ್ಪತ್ತೈದು ದಿನಕ್ಕೆ, ಅಲ್ಲಿಂದ ಮುಂದೆ ನಲವತ್ತೈದು ದಿನಕ್ಕೊಮ್ಮೆ. ಪ್ರತಿ ಕೊಯ್ಲಿನ ಬಳಿಕ ಗುಂಟೆಗೆ ಒಂದು ಕಿಲೋ ಯೂರಿಯಾ, ಅದೂ ನೀರು ಹಾಯಿಸುವ ದಿನ ಮಾತ್ರ. ನೀರಿಲ್ಲದೆ ಸೊರಗಿದ ಹುಲ್ಲಿಗೆ ಯೂರಿಯಾ ಹಾಕಿದರೆ ಅದರಲ್ಲಿ ನೈಟ್ರೇಟ್ ಕೂಡಿಕೊಂಡು ದನಕ್ಕೆ ವಿಷವಾಗಬಹುದು.

ಪಟ್ಟಿ ಕಟ್ಟಿದ್ದು

ಇಪ್ಪತ್ತು ಗುಂಟೆಯನ್ನು ಎರಡೆರಡು ಗುಂಟೆಯ ಹತ್ತು ಪಟ್ಟಿಗಳಾಗಿ ಮಾಡಿ, ಬದುವಿನ ಮೇಲೆ ಕಲ್ಲು ನೆಟ್ಟು ಬಿಳಿ ಬಣ್ಣದಲ್ಲಿ ಒಂದರಿಂದ ಹತ್ತರ ತನಕ ಬರೆದೆವು. ಕೊಯ್ಲಿಗೆ ಇಳಿದವರು ಎಲ್ಲಿ ಹುಲ್ಲು ಚೆನ್ನಾಗಿ ಕಂಡಿತೋ ಅಲ್ಲಿಗೆ ಕುಡುಗೋಲು ಹಾಕದೆ ಸಂಖ್ಯೆಯ ಕ್ರಮದಲ್ಲೇ ಹೋಗಬೇಕು ಎಂಬುದು ಕಟ್ಟುಪಾಡು. ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಬೇಕು ಎಂಬುದು ಇನ್ನೊಂದು.

ಮಳೆಗಾಲದಲ್ಲಿ ನಲವತ್ತೈದು ದಿನಕ್ಕೆ ಒಂದು ಪಟ್ಟಿ 630 ಕಿಲೋ ಕೊಡುತ್ತದೆ, ಅಂದರೆ ಐದೂವರೆ ದಿನಕ್ಕಿಂತ ತುಸು ಹೆಚ್ಚಿನ ಮೇವು. ಎಂಟು ಪಟ್ಟಿಗಳಲ್ಲೇ ಒಂದು ಸುತ್ತು ಮುಗಿದುಹೋಗುತ್ತದೆ. ಉಳಿಯುವ ಎರಡು ಪಟ್ಟಿಗಳೇ ಹಿಂದಿನ ವರ್ಷ ಎಂಟಡಿ ಬೆಳೆದು ಕಡ್ಡಿಯಾಗಿ ಹಾಳಾದ ಮೇವು. ಮಿಗುವ ಮೇವು ದಿನಕ್ಕೆ ಮೂವತ್ತು ಕಿಲೋದಂತೆ ಚೂರುಚೂರಾಗಿ ಬಂದರೆ ಅದನ್ನು ಕೂಡಿಡಲು ಆಗುವುದಿಲ್ಲ, ಎರಡು ಪಟ್ಟಿಯಾಗಿ ಒಟ್ಟಿಗೆ ಬಂದರೆ ಗುಂಡಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ರಸಮೇವು, ಅಂದರೆ ಸೈಲೇಜ್, ಮಾಡಬಹುದು. ಹೀಗಾಗಿ ಪ್ರತಿ ಸುತ್ತಿನ ಕೊನೆಯ ಎರಡು ಪಟ್ಟಿಗಳನ್ನು ಒಂದೇ ದಿನ ಕೊಯ್ದು ಸೈಲೇಜ್‌ಗೆ ಹಾಕುವುದೆಂದು ಗೊತ್ತುಮಾಡಿದೆವು.

ಚಳಿಗಾಲದಲ್ಲಿ ಸುತ್ತು ಅರವತ್ತು ದಿನಕ್ಕೆ ಉದ್ದವಾಗುತ್ತದೆ. ಆಗ ಪಟ್ಟಿಯೊಂದಕ್ಕೆ 360 ಕಿಲೋ, ಅದನ್ನು ಆರು ದಿನ ನಡೆಸಬೇಕು, ದಿನಕ್ಕೆ 60 ಕಿಲೋ. ಬೇಕಾದದ್ದು 110. ಕೊರತೆಯ ದಿನಗಳಲ್ಲಿ ಬೇಗ ಕೊಯ್ದು ಸರಿದೂಗಿಸುವ ಆಸೆ ಬರುವುದು ಇಲ್ಲಿಯೇ. ಅದಕ್ಕೆ ಮಣಿದರೆ ಮೇಲೆ ಹೇಳಿದ ಬುಡದ ಹಾನಿ ಮತ್ತೆ ಶುರುವಾಗುತ್ತದೆ. ಹುಲ್ಲು ಸೊಂಟದೆತ್ತರ ದಾಟಿ, ಬುಡದ ಒಂದೆರಡು ಎಲೆ ಒಣಗಲು ತೊಡಗಿದ ಮೇಲೆ ಕುಡುಗೋಲು ಹಾಕಬೇಕು ಎಂಬ ಗುರುತನ್ನು ಮಾವ ತಾವೇ ಕಂಡುಕೊಂಡರು, ನನಗೂ ಅದು ಒಪ್ಪಿತವಾಯಿತು.

ಏಪ್ರಿಲ್ ತಿಂಗಳ ಪೀಪಾಯಿ

ಯೋಜನೆಯ ಕೇಂದ್ರಕ್ಕೆ ಈಗ ಬರುತ್ತೇನೆ. ಮೇವಿನ ತಾಕು ಎಷ್ಟು ಗುಂಟೆ ಇರಬೇಕು ಎಂಬುದನ್ನು ಜಮೀನಿನ ವಿಸ್ತಾರವಾಗಲಿ ದನದ ಸಂಖ್ಯೆಯಾಗಲಿ ತೀರ್ಮಾನಿಸುವುದಿಲ್ಲ, ಬಾವಿ ತೀರಾ ಇಳಿದಿರುವ ತಿಂಗಳಿನಲ್ಲಿ ದಿನಕ್ಕೆ ಎಷ್ಟು ಲೀಟರ್ ಬರುತ್ತದೆ ಎಂಬುದು ತೀರ್ಮಾನಿಸುತ್ತದೆ. ಅಳೆಯುವುದು ಕಷ್ಟವಲ್ಲ. 2022ರ ಏಪ್ರಿಲ್‌ನಲ್ಲಿ 200 ಲೀಟರಿನ ಪೀಪಾಯಿಯನ್ನು ಪೈಪಿನ ಬಾಯಿಗೆ ಇಟ್ಟು ನೋಡಿದಾಗ ಎರಡೂವರೆ ನಿಮಿಷದಲ್ಲಿ ತುಂಬಿತು, ಅಂದರೆ ನಿಮಿಷಕ್ಕೆ 80 ಲೀಟರ್. ಪಂಪು ಬೆಳಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದು ಗಂಟೆ ಓಡಿ ಗಾಳಿ ಎಳೆಯತೊಡಗುತ್ತಿತ್ತು. ಒಟ್ಟು 10,800 ಲೀಟರ್. ದನಗಳ ಕುಡಿಯುವ ನೀರು, ಮನೆಬಳಕೆ ಎಂದು 800 ಲೀಟರ್ ಕಳೆದರೆ ಹೊಲಕ್ಕೆ 10,000.

ಒಂದು ಗುಂಟೆಗೆ ಎರಡು ಇಂಚು ನೀರು ಹಾಯಿಸಲು 5,000 ಲೀಟರ್ ಬೇಕು. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆಯಾದರೂ ಇಷ್ಟು ಕೊಡದಿದ್ದರೆ ನೇಪಿಯರ್ ಜೀವ ಹಿಡಿದಿರುತ್ತದೆ, ಬೆಳೆಯುವುದಿಲ್ಲ. ಇಪ್ಪತ್ತು ಗುಂಟೆಗೂ ಹೀಗೆ ಕೊಟ್ಟರೆ ದಿನಕ್ಕೆ 10,000 ಲೀಟರ್ ನೇಪಿಯರಿಗೇ ಮುಗಿದು ಕುದುರೆ ಮೆಂತೆಗೆ ಹನಿಯೂ ಉಳಿಯುವುದಿಲ್ಲ. ಇರುವ ನೀರನ್ನು ಎಲ್ಲ ಪಟ್ಟಿಗಳಿಗೂ ಸಮನಾಗಿ ಹಂಚಬೇಕು ಎಂಬುದು ಮಾವನ ಅಭಿಪ್ರಾಯವಾಗಿತ್ತು, ಯಾವ ರೈತನಿಗೂ ಮೊದಲು ತೋಚುವುದು ಅದೇ. ಆದರೆ ಹತ್ತು ದಿನಕ್ಕೆ ಒಂದು ಇಂಚು ಕೊಟ್ಟರೆ ಅದರಲ್ಲಿ ಬಹುಪಾಲು ಮೇಲ್ಮಣ್ಣಿನಿಂದಲೇ ಆರಿಹೋಗುತ್ತದೆ, ಬೇರಿನ ತನಕ ಇಳಿಯುವುದು ಕಡಿಮೆ. ನಾವು ಬೇರೆ ದಾರಿ ಹಿಡಿದೆವು. ಒಂದರಿಂದ ಐದರ ತನಕದ ಪಟ್ಟಿಗಳಿಗೆ ಪೂರ್ತಿ ನೀರು, ದಿನದ ಲೆಕ್ಕದಲ್ಲಿ 5,000 ಲೀಟರ್. ಆರು ಗುಂಟೆ ಕುದುರೆ ಮೆಂತೆಗೆ 3,000. ಆರರಿಂದ ಹತ್ತರ ಪಟ್ಟಿಗಳಿಗೆ ಇಪ್ಪತ್ತೈದು ದಿನಕ್ಕೊಮ್ಮೆ ಜೀವ ಉಳಿಸುವ ಒಂದು ನೀರು, ಅದು ದಿನಕ್ಕೆ 2,000. ಈ ಅರ್ಧವನ್ನು ಮಾರ್ಚ್ ಮೊದಲ ವಾರ ಕೊಯ್ದು, ಜೋಳದ ಕೊಯ್ಲಿನಲ್ಲಿ ಉಳಿದ ರವದಿಯನ್ನು ಸಾಲುಗಳ ನಡುವೆ ಹೊದಿಸಿ ಬಿಟ್ಟುಬಿಡುವುದು. ಮಿರಗದ ಮಳೆ ಬಿದ್ದ ವಾರದಲ್ಲೇ ಅದು ಚಿಗುರುತ್ತದೆ.

ನೀರು ಸಿಕ್ಕ ಐದು ಪಟ್ಟಿಗಳು ದಿನಕ್ಕೆ 60 ಕಿಲೋ ಕೊಡುತ್ತವೆ. ಹೀಗೆ ಬೇಸಿಗೆಯೂ ಚಳಿಗಾಲದಂತೆಯೇ ದಿನಕ್ಕೆ 50 ಕಿಲೋ ಕೊರತೆಯ ಕಾಲವಾಗುತ್ತದೆ. ನವೆಂಬರ್‌ನಿಂದ ಜೂನ್ ಮೊದಲ ವಾರದ ತನಕದ 215 ದಿನಕ್ಕೆ ಈ ಕೊರತೆ ಹತ್ತು ಟನ್ನಿಗಿಂತ ಸ್ವಲ್ಪ ಹೆಚ್ಚು. ಇದನ್ನು ಇನ್ನಷ್ಟು ನೇಪಿಯರ್ ನೆಟ್ಟು ತುಂಬಲಾಗದು, ನೀರಿಲ್ಲ. ತುಂಬುವ ದಾರಿ ಮೂರು. ಮಳೆಗಾಲದ ಹೆಚ್ಚುವರಿ ಪಟ್ಟಿಗಳಿಂದ ನಾಲ್ಕೂವರೆ ಟನ್. ಮಳೆಯ ಮೇಲೆಯೇ ಹತ್ತು ಗುಂಟೆಯಲ್ಲಿ ಬೆಳೆದ ಆಫ್ರಿಕನ್ ಟಾಲ್ ಗೋವಿನಜೋಳದಿಂದ ನಾಲ್ಕು ಟನ್. ಎರಡನ್ನೂ ರಸಮೇವು ಮಾಡಿ ಸೋರಿಕೆ, ಕೊಳೆತದ್ದು ಎಂದು ಕಳೆದರೆ ಏಳು ಟನ್ ಉಳಿಯುತ್ತದೆ. ಮೂರನೆಯದಾಗಿ, ಆ ಏಳು ತಿಂಗಳು ಎತ್ತುಗಳಿಗೆ ಹಸಿ ಹುಲ್ಲು ನಿಲ್ಲಿಸಿ ಹಿಂಗಾರಿ ಬಿಳಿಜೋಳದ ಕಣಿಕೆ ಮತ್ತು ಸ್ವಲ್ಪ ಹಿಂಡಿ. ದಿನಕ್ಕೆ 20 ಕಿಲೋದಂತೆ ಅದರಿಂದ ನಾಲ್ಕು ಟನ್ ಉಳಿಯುತ್ತದೆ. ಎತ್ತುಗಳ ಪಾಲು ಕಡಿಮೆ ಮಾಡುವುದಕ್ಕೆ ಅಕ್ಕನ ಅತ್ತೆಗೆ ಮನಸ್ಸಿರಲಿಲ್ಲ. ಉಳುಮೆಯ ದಿನಗಳಲ್ಲಿ ಅವಕ್ಕೂ ಹಸಿಮೇವು ಕೊಡುವುದೆಂದು ಒಪ್ಪಿಸಿದೆವು.

ಕುದುರೆ ಮೆಂತೆಯನ್ನು ಮೇಲಕ್ಕೆ ಸಾಗಿಸಿದ್ದು

ನೇಪಿಯರ್ ಸೊರಗುವ ಚಳಿಯಲ್ಲೇ ಕುದುರೆ ಮೆಂತೆ ಚೆನ್ನಾಗಿ ಬರುತ್ತದೆ ಎಂಬುದು ಈ ಎರಡರ ಜೋಡಿಯ ಮುಖ್ಯ ಕಾರಣ. ಇನ್ನೊಂದು ಕಾರಣ ಅದರ ಸಾರ. ಒಣತೂಕದಲ್ಲಿ ಲೆಕ್ಕ ಹಾಕಿದರೆ ನೇಪಿಯರಿನಲ್ಲಿ ಪ್ರೋಟೀನು ನೂರಕ್ಕೆ ಎಂಟರಿಂದ ಹತ್ತು, ಕುದುರೆ ಮೆಂತೆಯಲ್ಲಿ ಹದಿನೆಂಟರಿಂದ ಇಪ್ಪತ್ತು. ಆಕಳಿಗೆ ದಿನಕ್ಕೆ ಆರು ಕಿಲೋ ಹಸಿ ಕುದುರೆ ಮೆಂತೆ ಹಾಕಿದರೆ ಪ್ರೋಟೀನಿನ ಮಟ್ಟಿಗೆ ಒಂದು ಕಿಲೋ ಪಶುಆಹಾರಕ್ಕೆ ಸಮ. ಶಕ್ತಿಯ ಮಟ್ಟಿಗೆ ಅಲ್ಲ, ಆದ್ದರಿಂದ ಚೀಲದ ಆಹಾರವನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಧಾರಾಳವಾಗಿರುವುದರಿಂದ ನೇಪಿಯರಿನ ಆಕ್ಸಲೇಟಿಗೂ ಅದು ತಕ್ಕ ಜೊತೆ.

ಹೊಲದ ಮೇಲಿನ ಅಂಚಿನಲ್ಲಿ ಒಂದೂವರೆ ಅಡಿ ಎರೆಮಣ್ಣಿನ ಕೆಳಗೆ ಗರಸು ಇರುವ, ಇಳಿಜಾರಿನ ಆರು ಗುಂಟೆ ಜಾಗವಿತ್ತು. ಬಾವಿಯಿಂದ ದೂರವೆಂದು ಅದನ್ನು ಬಿಟ್ಟಿದ್ದರು. ಪೈಪು ಎಳೆದು ಅಲ್ಲಿಗೇ ಹೋದೆವು. ಎತ್ತರದ ಮಡಿಗಳನ್ನು ಮಾಡಿ ನಡುವೆ ನೀರು ಹರಿದುಹೋಗುವ ಕಾಲುವೆ ಬಿಟ್ಟು, ದೊಡ್ಡ ಮಳೆಗಳು ಮುಗಿದ ನವೆಂಬರ್ ಮೊದಲ ವಾರದಲ್ಲಿ ರಾಹುರಿ ಕೃಷಿ ವಿದ್ಯಾಪೀಠದ ಆರ್‌ಎಲ್-88 ತಳಿಯ ಒಂದೂವರೆ ಕಿಲೋ ಬೀಜವನ್ನು, ರೈಜೋಬಿಯಂ ಲೇಪಿಸಿ, ಒಂದಡಿ ಅಂತರದ ಸಾಲಿನಲ್ಲಿ ತೆಳುವಾಗಿ ಬಿತ್ತಿದೆವು. ಅರ್ಧ ಇಂಚಿಗಿಂತ ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ. ಮೊದಲ ಎರಡು ತಿಂಗಳು ಕಳೆ ತೆಗೆಯುವುದೇ ದೊಡ್ಡ ಕೆಲಸ, ಅದರಲ್ಲಿ ಸೋತರೆ ನಾಲ್ಕು ವರ್ಷ ಬಾಳಬೇಕಾದ ಬೆಳೆ ಒಂದೇ ವರ್ಷಕ್ಕೆ ಮುಗಿಯುತ್ತದೆ. ಅಕ್ಕ ಮೂರು ಸಲ ಕೈಯಿಂದಲೇ ಕಳೆ ತೆಗೆದಳು. ಜನವರಿಯಲ್ಲಿ ಒಂದು ಮಡಿಯ ಮೂಲೆಯಲ್ಲಿ ಹಳದಿ ದಾರದ ಉಂಡೆ ಬಿಚ್ಚಿ ಹರಡಿದಂತೆ ಎಲೆಯಿಲ್ಲದ ಬಳ್ಳಿ ಕಂಡಿತು. ಮರಾಠಿಯಲ್ಲಿ ಅದಕ್ಕೆ ಅಮರವೇಲ ಎನ್ನುತ್ತಾರೆ. ಬೀಜದೊಂದಿಗೆ ಬರುವ ಈ ಪರಾವಲಂಬಿಯನ್ನು ಎಳೆದು ಬಿಡಿಸಿದರೆ ಒಂದು ತುಂಡು ಉಳಿದರೂ ಮತ್ತೆ ಹಬ್ಬುತ್ತದೆ. ಅದು ಹೂಬಿಡುವ ಮೊದಲೇ ಸುತ್ತಲಿನ ಎರಡು ಅಡಿ ಗಿಡಗಳನ್ನು ಸೇರಿಸಿ ಕಿತ್ತು ಅಲ್ಲೇ ಸುಟ್ಟೆವು.

ಹೂವು ಕಾಣಿಸಿಕೊಳ್ಳತೊಡಗಿದಾಗ, ಅರವತ್ತೈದನೆಯ ದಿನ ಮೊದಲ ಕೊಯ್ಲಾಯಿತು. ಅಲ್ಲಿಂದ ಒಂದೊಂದು ಗುಂಟೆಯನ್ನು ಐದು ದಿನ ನಡೆಸುತ್ತ ಮೂವತ್ತು ದಿನಕ್ಕೆ ಒಂದು ಸುತ್ತು. ಚಳಿಗಾಲದಲ್ಲಿ ಆರು ಗುಂಟೆಯಿಂದ ದಿನಕ್ಕೆ 18 ಕಿಲೋ, ಬೇಸಿಗೆಯಲ್ಲಿ 12, ಮಳೆಗಾಲದಲ್ಲಿ ಕಳೆ ಮತ್ತು ತೇವದಿಂದ 6 ಕಿಲೋಗೆ ಇಳಿಯುತ್ತದೆ. ಕೊಯ್ದದ್ದನ್ನು ಅರ್ಧ ದಿನ ಬಾಡಿಸಿ, ಕಣಿಕೆ ತಿಂದ ಮೇಲಷ್ಟೇ ಹಾಕುತ್ತಾರೆ. ಇಬ್ಬನಿ ಆರದ ಮೆಂತೆಯನ್ನು ಹಸಿದ ಹೊಟ್ಟೆಗೆ ಹಾಕಿದರೆ ಹೊಟ್ಟೆ ಉಬ್ಬರಿಸಿ ಆಕಳು ಕೆಲವೇ ಗಂಟೆಗಳಲ್ಲಿ ಸಾಯಬಹುದು, ಈ ಒಂದು ವಿಷಯದಲ್ಲಿ ಸಡಿಲ ಬಿಡಬಾರದೆಂದು ಮನೆಯ ಮಕ್ಕಳಿಗೂ ಹೇಳಿಟ್ಟಿದ್ದೇನೆ.

ಹತ್ತು ದಿನಕ್ಕೊಂದು ಗುಂಟೆ ಅಲಸಂದೆ

ಹಾಲಿನ ಜಾನುವಾರಿಗೆ ತಲಾ ಆರು ಕಿಲೋ, ಕರುಗಳಿಗೆ ತಲಾ ಮೂರು ಕಿಲೋ ಎಂದರೆ ದ್ವಿದಳ ಮೇವು ದಿನಕ್ಕೆ 30 ಕಿಲೋ ಬೇಕು. ಮಳೆಗಾಲದಲ್ಲಿ ಕುದುರೆ ಮೆಂತೆಯ ಪಾಲು ಆರಕ್ಕೆ ಇಳಿದಾಗ ಉಳಿದ 24 ಕಿಲೋ ಅಲಸಂದೆಯಿಂದ ಬರಬೇಕು. ಅಲಸಂದೆ ಬಹುವಾರ್ಷಿಕವಲ್ಲ. ಬಿತ್ತಿದ ಐವತ್ತೈದು ದಿನಕ್ಕೆ, ಅರ್ಧ ಗಿಡಗಳು ಹೂವಾದಾಗ, ಒಂದೇ ಸಲ ಕೊಯ್ಯುವ ಬೆಳೆ. ಆ ಹೊತ್ತು ದಾಟಿ ಕಾಯಿ ಬಲಿತರೆ ಕೆಳಗಿನ ಎಲೆ ಉದುರಿ ಬಳ್ಳಿ ನಾರಾಗುತ್ತದೆ. ಎಲ್ಲವನ್ನೂ ಒಮ್ಮೆಗೇ ಬಿತ್ತಿದವರ ಹೊಲದಲ್ಲಿ ಹತ್ತು ದಿನ ಮೇವಿನ ಸುಗ್ಗಿ, ಆಮೇಲೆ ಏನೂ ಇಲ್ಲ.

ಒಂದು ಗುಂಟೆಯಿಂದ ಸುಮಾರು 250 ಕಿಲೋ ಸಿಗುತ್ತದೆ, ಅದು ಹತ್ತು ದಿನದ ಮೇವು. ಹಾಗಾದರೆ ಹತ್ತು ದಿನಕ್ಕೊಂದು ಗುಂಟೆ ಬಿತ್ತಬೇಕು, ಅಷ್ಟೇ. ಮಿರಗದ ಮಳೆಗೆ ಜೂನ್ ಹತ್ತರ ಸುಮಾರಿಗೆ ಮೊದಲ ಗುಂಟೆ, ಸೆಪ್ಟೆಂಬರ್ ಹತ್ತಕ್ಕೆ ಹತ್ತನೆಯದು. ಗುಂಟೆಗೆ 400 ಗ್ರಾಂ ಬೀಜ. ಕೊಯ್ಲು ಆಗಸ್ಟ್ ಮೊದಲ ವಾರದಿಂದ ನವೆಂಬರ್ ಮೊದಲ ವಾರದ ತನಕ ಮುರಿಯದೆ ಬರುತ್ತದೆ. ಬೇಗ ತೆರವಾದ ಗುಂಟೆಗಳಿಗೆ ಸೆಪ್ಟೆಂಬರ್ ಕೊನೆಗೆ ಬಿಳಿಜೋಳ ಬೀಳುತ್ತದೆ, ಅಲಸಂದೆಯ ಬೇರಿನ ಗಂಟುಗಳಲ್ಲಿ ಕೂಡಿದ ಸಾರಜನಕ ಜೋಳಕ್ಕೂ, ಜೋಳದ ಕಣಿಕೆ ಮತ್ತೆ ದನಕ್ಕೂ ಒದಗುತ್ತದೆ. ಹೇನು ಬಿದ್ದರೆ ಔಷಧಿ ಹೊಡೆಯುವ ಬದಲು ಆ ಗುಂಟೆಯನ್ನು ಒಂದು ವಾರ ಮೊದಲೇ ಕೊಯ್ದುಬಿಡುತ್ತೇವೆ, ದನಕ್ಕೆ ಹೋಗುವ ಮೇವಿಗೆ ಕೀಟನಾಶಕ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಇಲ್ಲಿ ಯೋಜನೆಗೆ ಮುಚ್ಚಲಾಗದ ಬಿರುಕೊಂದಿದೆ. ಅಲಸಂದೆಗೆ ಚಳಿ ಒಗ್ಗದು, ಬೇಸಿಗೆಯಲ್ಲಿ ಅದಕ್ಕೆ ಕೊಡಲು ನೀರಿಲ್ಲ. ಮಾರ್ಚ್‌ನಿಂದ ಜುಲೈ ಕೊನೆಯ ತನಕ ದ್ವಿದಳ ಮೇವು ಬೇಕಾದದ್ದರ ಅರ್ಧವೂ ಆಗುವುದಿಲ್ಲ. ಕೊನೆಯ ಎರಡು ಗುಂಟೆ ಅಲಸಂದೆಯನ್ನು ನೆರಳಲ್ಲಿ ಒಣಗಿಸಿ ಇಟ್ಟು ನೋಡಿದೆವು, ಕಾಂಡ ಒಣಗುವಷ್ಟರಲ್ಲಿ ಎಲೆ ಪುಡಿಯಾಗಿ ಉದುರಿತು. ಆ ತಿಂಗಳುಗಳಲ್ಲಿ ಸಿಕ್ಕ ಕುದುರೆ ಮೆಂತೆಯನ್ನು ಈಯ್ದು ಮೂರು ತಿಂಗಳಾಗದ ಆಕಳಿಗೆ ಮಾತ್ರ ಮೀಸಲಿಟ್ಟು, ಉಳಿದವಕ್ಕೆ ಹತ್ತಿಕಾಳು ಹಿಂಡಿ ಕೊಂಡು ಹಾಕುತ್ತಾರೆ.

ರಸಮೇವಿನ ಗುಂಡಿ

ಮೊದಲ ಸೈಲೇಜ್ ಕೆಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ ಎರಡು ಪಟ್ಟಿಯ ನೇಪಿಯರನ್ನು ಕೊಯ್ದ ದಿನವೇ ಕತ್ತರಿಸಿ ಗುಂಡಿಗೆ ತುಂಬಿದ್ದರು. ಡಿಸೆಂಬರ್‌ನಲ್ಲಿ ತೆರೆದಾಗ ತಳದಲ್ಲಿ ಕಪ್ಪು ನೀರು, ಮೇವು ಅಂಟಂಟಾಗಿ ಕೆಟ್ಟ ಬೆಣ್ಣೆಯ ನಾತ ಹೊಡೆಯುತ್ತಿತ್ತು. ಹಸಿ ನೇಪಿಯರಿನಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು, ಸಕ್ಕರೆಯ ಅಂಶ ಕಡಿಮೆ, ಆದ್ದರಿಂದ ಹುಳಿ ಬರುವ ಮೊದಲೇ ಕೊಳೆತ ಶುರುವಾಗುತ್ತದೆ. ಮರುವರ್ಷ ಕೊಯ್ದು ಒಂದು ಬಿಸಿಲು ಬಾಡಿಸಿ, ಒಂದು ಇಂಚಿಗಿಂತ ಸಣ್ಣಗೆ ಕತ್ತರಿಸಿ, ಹಾಲುಗಾಳಿನ ಗೋವಿನಜೋಳವನ್ನು ಪದರಪದರವಾಗಿ ಬೆರೆಸಿ, ಟನ್ನಿಗೆ ಹದಿನೈದು ಕಿಲೋ ಬೆಲ್ಲವನ್ನು ನೀರಲ್ಲಿ ಕರಗಿಸಿ ಚಿಮುಕಿಸಿದೆವು. ಬಾಡಿದ್ದು ಸಾಕೇ ಎಂದು ತಿಳಿಯಲು ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ ಬಿಡಬೇಕು. ಬೆರಳ ಸಂದಿಯಿಂದ ನೀರು ಇಳಿಯದೆ, ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಬಂದಿದೆ. ತುಂಬುತ್ತ ಎತ್ತುಗಳಿಂದ ತುಳಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಅರ್ಧ ಅಡಿ ಮಣ್ಣು ಏರಿಸಿದೆವು. ನಲವತ್ತೈದು ದಿನದ ಮೇಲೆ ತೆರೆದಾಗ ಬಣ್ಣ ಹಳದಿ ಮಿಶ್ರಿತ ಹಸಿರು, ವಾಸನೆ ಹುಳಿ ಹಣ್ಣಿನದು. ಒಂದು ಮೂಲೆಯಲ್ಲಿ ಗಾಳಿ ಹೊಕ್ಕು ಬಿಳಿ ಬೂಷ್ಟು ಬಂದಿತ್ತು, ಅದನ್ನು ತೆಗೆದು ತಿಪ್ಪೆಗೆ ಹಾಕಿದೆವು.

ಮಳೆ ತಪ್ಪಿದ ವರ್ಷ

2023ರ ಆಗಸ್ಟ್ ದೇಶದಾದ್ಯಂತ ಮಳೆ ತೀರಾ ಕಡಿಮೆಯಾದ ತಿಂಗಳು. ಜುಲೈ ಕೊನೆಗೆ ಮತ್ತು ಆಗಸ್ಟ್ ಮೊದಲಿಗೆ ಬಿತ್ತಿದ ಎರಡು ಗುಂಟೆ ಅಲಸಂದೆ ಹೂಬಿಡುವ ಮೊದಲೇ ಬಾಡಿತು. ಬಿತ್ತನೆಯನ್ನು ಹಂತಹಂತವಾಗಿ ಮಾಡಿದ್ದರಿಂದ ಹತ್ತರಲ್ಲಿ ಎರಡು ಹೋದವು, ಎಂಟು ಉಳಿದವು. ಗೋವಿನಜೋಳ ನಾಲ್ಕು ಟನ್ನಿನ ಬದಲು ಎರಡೂವರೆ ಟನ್ ಬಂತು. ಆ ಬೇಸಿಗೆಯಲ್ಲಿ ಅವರು ಒಂದು ಟ್ರಾಕ್ಟರ್ ಕಣಿಕೆ ಕೊಂಡರು. ಅದಕ್ಕೆ ಮೊದಲಿನ ವರ್ಷ ಏನನ್ನೂ ಕೊಂಡಿರಲಿಲ್ಲ, 2022ರ ಬೇಸಿಗೆಯಲ್ಲಿ ನಾಲ್ಕು ಟ್ರಾಕ್ಟರ್ ಕೊಂಡಿದ್ದರು.

2024ರ ಏಪ್ರಿಲ್‌ನಲ್ಲಿ ಅಕ್ಕ ಇನ್ನೊಂದು ಆಕಳು ತರುವ ಮಾತು ಎತ್ತಿದಳು. ಮಳೆಗಾಲದಲ್ಲಿ ಎರಡು ಪಟ್ಟಿ ಮಿಗುತ್ತವೆ ಎಂಬುದು ಅವಳ ಲೆಕ್ಕ, ಅದು ಸುಳ್ಳೂ ಅಲ್ಲ. ಮಾವ ಏನೂ ಹೇಳದೆ ಪೀಪಾಯಿಯನ್ನು ಪೈಪಿನ ಬಾಯಿಗೆ ಉರುಳಿಸಿಕೊಂಡು ಹೋದರು. ಎರಡೂವರೆ ನಿಮಿಷಕ್ಕೆ ತುಂಬುತ್ತಿದ್ದುದು ಮೂರು ನಿಮಿಷ ಇಪ್ಪತ್ತು ಸೆಕೆಂಡು ತೆಗೆದುಕೊಂಡಿತು, ನಿಮಿಷಕ್ಕೆ 60 ಲೀಟರ್. "ಈ ನೀರಿಗೆ ಐದು ಪಟ್ಟಿ ಆಗಂಗಿಲ್ಲ, ಮೂರು ಆಗತಾವ," ಎಂದು ಅಕ್ಕನೇ ಹೇಳಿದಳು. ಇನ್ನೊಂದು ಆಕಳಿನ ಬದಲು, ನೀರು ಹಾಯುವ ಪಟ್ಟಿಗಳಿಗೆ ಹನಿ ನೀರಾವರಿಯ ಪೈಪು ಹಾಕಿಸುವುದೆಂದು ಆ ಸಂಜೆ ತೀರ್ಮಾನವಾಯಿತು, ನಾಲ್ಕನೆಯ ಮತ್ತು ಐದನೆಯ ಪಟ್ಟಿಗಳನ್ನು ಮರುದಿನ ಕೊಯ್ದು ರವದಿ ಹೊದಿಸಿದರು.